ಪದ್ದುವಿನ ಎಲೆಗೆ ಲೈಟ್‌ಹೌಸ್ ಬಿಸ್ಕುಟು

ಕಾಪುವಿನ ನಮ್ಮ ಮನೆಗೆ ಎರಡು ಬಾಗಿಲು. ಮುಂಬಾಗಿಲು ತೆರೆದರೆ ಕಡಲು, ಹಿಂಬಾಗಿಲು ತೆರೆದರೆ ಬಾವಿ. ಮುಂಬಾಗಿಲು ಗಂಡಸರದ್ದು, ಬಲೆ, ಹಗ್ಗ, ಜಗಳ ಎಲ್ಲ ಅಲ್ಲೇ. ಹಿಂಬಾಗಿಲು ಹೆಂಗಸರದ್ದು ಮತ್ತು ಬೆಕ್ಕುಗಳದ್ದು. ಮುಂದೆ ನಾನು ಉಡುಪಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿ ಸೇರಿ, ಊರಿನವರ ಮಾತನ್ನೆಲ್ಲ ಕಿವಿಗೆ ಹಾಕಿಕೊಂಡು, ಒಂದನ್ನೂ ಹೊರಗೆ ಬಿಡದೆ ನಿವೃತ್ತಳಾದೆ. ಬಾಯಿ ಬಿಗಿಹಿಡಿಯುವ ವಿದ್ಯೆಯನ್ನು ನನಗೆ ಇಲಾಖೆ ಕಲಿಸಲಿಲ್ಲ. ಎಂಟನೆಯ ವಯಸ್ಸಿನಲ್ಲಿ ಆ ಹಿಂಬಾಗಿಲ ಹೊಸ್ತಿಲ ಮೇಲೆ ಕುಳಿತು ನಾನೇ ಕಲಿತೆ.

ಆಟಿ ತಿಂಗಳೆಂದರೆ ನಮ್ಮ ಮನೆಯಲ್ಲಿ ಎಲ್ಲರಿಗೂ ಸಿಟ್ಟು. ಮಳೆಗೆ ಕಡಲು ಮುಚ್ಚಿರುತ್ತಿತ್ತು, ದೋಣಿ ದಡದಲ್ಲಿ ತೆಂಗಿನ ಮಡಲಿನಡಿ ಮಲಗಿರುತ್ತಿತ್ತು, ಅಪ್ಪ ಚಾವಡಿಯಲ್ಲಿ ಬಲೆ ಸರಿಮಾಡುತ್ತ ಕಾರಣವಿಲ್ಲದೆ ಕೂಗಾಡುತ್ತಿದ್ದರು. ಎರಡು ಹೊತ್ತೂ ಗಂಜಿ, ಜೊತೆಗೆ ಒಣಮೀನಿನ ಚಟ್ನಿ ಅಥವಾ ಹಲಸಿನ ಬೀಜ. ಅಕ್ಕಿಯ ಪೆಟ್ಟಿಗೆಯ ಬೀಗದ ಕೈ ಅಪ್ಪನ ತಾಯಿಯ ಸೊಂಟದಲ್ಲಿತ್ತು. ಅಜ್ಜಿ ಕೆಟ್ಟವರಲ್ಲ, ಆದರೆ ಅವರ ಕಣ್ಣು ತಪ್ಪಿಸಿ ಒಂದು ಬೆಲ್ಲದ ತುಂಡು ಈ ಕೋಣೆಯಿಂದ ಆ ಕೋಣೆಗೆ ಹೋಗುವಂತಿರಲಿಲ್ಲ. ಅಮ್ಮ ಆ ಮನೆಯಲ್ಲಿ ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಒಂದೇ ಒಂದು ಸಲ. ಅದನ್ನು ಹೇಳಬೇಕಾದರೆ ಮೊದಲು ಪದ್ದುವಿನ ವಿಷಯ ಹೇಳಬೇಕು.

ಪದ್ದು ನನ್ನ ತಮ್ಮ. ಅಪ್ಪನಿಗೆ ಒಳ್ಳೆಯ ಮೀನು ಸಿಕ್ಕಿದ ದಿನ ಪೇಟೆಯ ಪ್ರಭುಗಳ ಅಂಗಡಿಯಿಂದ ಕಾಗದದ ಪೊಟ್ಟಣದಲ್ಲಿ ಬಿಸ್ಕುಟು ಬರುತ್ತಿತ್ತು. ದೊಡ್ಡ ತಗಡಿನ ಡಬ್ಬಿಯಲ್ಲಿ ಬಂದು, ತಕ್ಕಡಿಯಲ್ಲಿ ತೂಗಿ ಮಾರುತ್ತಿದ್ದ ಚೌಕದ ತೆಂಗಿನಕಾಯಿ ಬಿಸ್ಕುಟು ಅದು. ಹೆಸರು ಲೈಟ್‌ಹೌಸ್. ಡಬ್ಬಿಯ ಮೇಲೂ ಲೈಟ್‌ಹೌಸಿನ ಚಿತ್ರ, ಒಂದೊಂದು ಬಿಸ್ಕುಟಿನ ಮೇಲೂ ಉಬ್ಬಿದ ಲೈಟ್‌ಹೌಸ್. ಅದು ನಮ್ಮ ಕಾಪುವಿನ ದೀಪಸ್ತಂಭವೇ ಎಂದೂ, ಬಿಸ್ಕುಟನ್ನು ಅದರೊಳಗೇ ಬೇಯಿಸುತ್ತಾರೆಂದೂ ಪದ್ದು ನಂಬಿದ್ದ. ನಾಲ್ಕು ಬದಿಯನ್ನೂ ಇಲಿಯ ಹಾಗೆ ಕಡಿದು ಕಡಿದು, ನಡುವೆ ಕಂಬ ಮಾತ್ರ ಉಳಿಸಿ, ಅದನ್ನು ಕಡಲಿನ ಕಡೆ ಎತ್ತಿ ಹಿಡಿಯುತ್ತಿದ್ದ. ಅಪ್ಪನ ದೋಣಿಗೆ ದಾರಿ ಕಾಣಲಿ ಎಂದು. ನಾಲ್ಕು ತುಂಬಿದ ವರ್ಷ ಅವನಿಗೆ ಜ್ವರ ಬಂತು. ಮೂರು ದಿನದಲ್ಲಿ ಎಲ್ಲ ಮುಗಿಯಿತು. ಆ ಮೂರು ದಿನಗಳಲ್ಲಿ ನನಗೆ ಯಾರೂ ಊಟ ಬಡಿಸಿದ ನೆನಪಿಲ್ಲ, ನಾನು ಕೇಳಿದ ನೆನಪೂ ಇಲ್ಲ.

ಆಟಿಯಲ್ಲಿ ನಮ್ಮಲ್ಲಿ ಸತ್ತವರಿಗೆ ಬಡಿಸುವ ಕ್ರಮ ಉಂಟು. ಅಗೆಲು ಎನ್ನುತ್ತೇವೆ. ಬಾಳೆಲೆಯ ಮೇಲೆ ಅವರವರಿಗೆ ಇಷ್ಟವಾದದ್ದನ್ನು ಬಡಿಸಿ, ದೀಪವಿಟ್ಟು, ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಹಾಕಿಕೊಳ್ಳಬೇಕು. ಸತ್ತವರು ಬಂದು ಉಂಡು ಹೋಗುವಷ್ಟು ಹೊತ್ತು ಕಾದು, ಬಾಗಿಲು ತಟ್ಟಿ ಒಳಗೆ ಹೋಗಬೇಕು. ದೊಡ್ಡವರ ಎಲೆಯದ್ದನ್ನು ಆಮೇಲೆ ನಾವು ಹಂಚಿಕೊಂಡು ಉಣ್ಣುತ್ತಿದ್ದೆವು. ಮಗುವಿನ ಎಲೆಯದ್ದನ್ನು ಮಾತ್ರ ಮುಟ್ಟಕೂಡದು, ಅದು ಪೂರ್ತಿ ಕಾಗೆಗೆ ಎಂಬುದು ಅಜ್ಜಿಯ ಕಟ್ಟಳೆ. ಮುಟ್ಟಿದರೆ ಅವನು ಜೊತೆಗೆ ಕರೆದುಕೊಂಡು ಹೋಗುತ್ತಾನಂತೆ. ಆ ಮೊದಲ ವರ್ಷ ಪದ್ದುವಿನ ಪುಟ್ಟ ಎಲೆಗೆ ಅಮ್ಮ ಅನ್ನ, ಮೊಟ್ಟೆ, ಒಂದು ತುಂಡು ಬೆಲ್ಲ, ನಾಲ್ಕು ಲೈಟ್‌ಹೌಸ್ ಬಿಸ್ಕುಟು ಇಟ್ಟಳು. ಎಲ್ಲರೂ ಮುಂಬಾಗಿಲಿನಿಂದ ಜಗಲಿಗೆ ಹೋದರು. ನನಗೆ ಅಮ್ಮ ಬೇರೆ ಕೆಲಸ ಕೊಟ್ಟಳು. (ಮನೆಮಾತು ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.)

"ನೀನು ಹಿಂಬಾಗಿಲಲ್ಲಿ ಕೂತುಕೋ. ಬೆಕ್ಕು ಒಳಗೆ ಬರಬಾರದು."

ಬೆಕ್ಕು ಬರಲಿಲ್ಲ. ನಾನು ಹೋದೆ. ಬೆಳಗಿನಿಂದ ಹೊಟ್ಟೆಗೆ ಗಂಜಿ ತಿಳಿ ಬಿಟ್ಟರೆ ಬೇರೇನೂ ಬಿದ್ದಿರಲಿಲ್ಲ. ಕತ್ತಲೆಯ ಕೋಣೆಯಲ್ಲಿ ದೀಪದ ಪಕ್ಕ ಆ ನಾಲ್ಕು ಬಿಸ್ಕುಟು. ಒಂದನ್ನು ತೆಗೆದು ಬಾಯಿಗೆ ಹಾಕಿಕೊಂಡೆ, ಅಗಿಯುವ ಸದ್ದು ಕೇಳಬಾರದೆಂದು ನಾಲಗೆಯ ಮೇಲೆ ಕರಗಿಸಿ ನುಂಗಿದೆ, ಲಂಗದ ತುದಿಯಿಂದ ಬಾಯಿ ಒರೆಸಿಕೊಂಡು ಹೊಸ್ತಿಲಿಗೆ ಮರಳಿದೆ. ಬಾಗಿಲು ತಟ್ಟಿ ಎಲ್ಲರೂ ಒಳಗೆ ಬಂದಾಗ ಅಜ್ಜಿಯ ಕಣ್ಣು ನೇರವಾಗಿ ಎಲೆಗೆ ಹೋಯಿತು, ಎಲೆಯಿಂದ ನನ್ನ ಮುಖಕ್ಕೆ ಬಂತು. ಅವರು ಬಾಯಿ ತೆರೆಯುವ ಮೊದಲೇ ಅಮ್ಮ ಕೂಗಿದಳು.

"ಪದ್ದು ಬಂದಿದ್ದಾನೆ! ನೋಡಿ ಅತ್ತೆ, ಒಂದು ತಿಂದಿದ್ದಾನೆ!"

ಅವಳ ಕಣ್ಣು ತುಂಬಿತ್ತು. ಅಪ್ಪ ಗೋಡೆಗೊರಗಿ ಅತ್ತರು. ಅಜ್ಜಿ ಕೈಮುಗಿದರು. ನಾನು ಆ ದಿನದಿಂದ ಎರಡು ಹೆದರಿಕೆಗಳನ್ನು ಹೊತ್ತುಕೊಂಡೆ. ಪದ್ದು ನನ್ನನ್ನು ಕರೆದುಕೊಂಡು ಹೋಗುತ್ತಾನೆ ಎಂಬುದು ಒಂದು. ಅಮ್ಮನಿಗೆ ನಿಜ ಗೊತ್ತಾದರೆ ಅವಳ ಮಗ ಎರಡನೆಯ ಸಲ ಸಾಯುತ್ತಾನೆ ಎಂಬುದು ಇನ್ನೊಂದು. ಮೊದಲನೆಯದು ಒಂದೆರಡು ವರ್ಷದಲ್ಲಿ ಹೋಯಿತು, ಎರಡನೆಯದು ಹೋಗಲೇ ಇಲ್ಲ.

ಮರುವರ್ಷ ಎಲೆಯಲ್ಲಿ ಐದು ಬಿಸ್ಕುಟು ಇದ್ದವು. ಸತ್ತ ಮೇಲೆಯೂ ಪದ್ದುವಿಗೆ ಒಂದು ವಯಸ್ಸು ಹೆಚ್ಚಾಗಿದೆ ಎಂದುಕೊಂಡೆ. ಅದರ ಮುಂದಿನ ವರ್ಷವೂ ಐದೇ. ಆ ಲೋಕದಲ್ಲಿ ಐದಕ್ಕೇ ನಿಲ್ಲುತ್ತದೆ ಎಂದುಕೊಂಡು ಸುಮ್ಮನಾದೆ. ಪ್ರತಿ ಆಟಿಯಲ್ಲೂ ಅಮ್ಮ ನನ್ನನ್ನೇ ಹಿಂಬಾಗಿಲಿಗೆ ಕಳಿಸುತ್ತಿದ್ದಳು. ಪ್ರತಿ ಆಟಿಯಲ್ಲೂ ನಾನು ಒಂದನ್ನು ತಿನ್ನುತ್ತಿದ್ದೆ, ಈಗ ಹಸಿವಿಗಲ್ಲ, ಅಮ್ಮನಿಗಾಗಿ. ಎಲೆಯ ಅಂಚಿನಲ್ಲಿ ಯಾವಾಗಲೂ ಒಂದು ತುಂಡಾದ ಬಿಸ್ಕುಟು ಇರುತ್ತಿತ್ತು. ಇಡೀ ಬಿಸ್ಕುಟು ಪದ್ದುವಿಗೇ ಇರಲಿ ಎಂದು ನಾನು ಆ ತುಂಡಾದದ್ದನ್ನೇ ಆರಿಸಿಕೊಳ್ಳುತ್ತಿದ್ದೆ. ಮದುವೆಯಾದ ಮೇಲೂ ಆಟಿಗೆ ರಜೆ ಹಾಕಿ ಹೋಗುತ್ತಿದ್ದೆ. ಕೊನೆಕೊನೆಗೆ ಕಣ್ಣು ಮಂಜಾದ ಅಮ್ಮ ಎಲೆಯ ಮೇಲೆ ಬೆರಳಾಡಿಸಿ ಎಣಿಸುತ್ತಿದ್ದಳು.

"ನಾಲ್ಕು ಉಂಟು. ಬಂದಿದ್ದ."

ಅಮ್ಮ ಹೋಗಿ ಹತ್ತು ವರ್ಷವಾಯಿತು. ಕಾಪುವಿನ ಮನೆ ಪಾಲಿನಲ್ಲಿ ಚಿಕ್ಕಪ್ಪನ ಮಕ್ಕಳಿಗೆ ಹೋಗಿ, ಈಗ ಅಲ್ಲಿ ಕಡಲು ನೋಡಲು ಬರುವವರು ಉಳಿದುಕೊಳ್ಳುತ್ತಾರೆ. ಅಗೆಲು ನನ್ನ ಜೊತೆ ಮಣಿಪಾಲಕ್ಕೆ, ಮಗ ದಿನೇಶನ ಐದನೆಯ ಮಹಡಿಯ ಫ್ಲಾಟಿಗೆ ಬಂತು. ಮಗನೂ ಸೊಸೆ ಶ್ವೇತಾಳೂ ನನ್ನನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ಆದರೆ ಅಮ್ಮನ ಎಲೆಯ ಪಕ್ಕದಲ್ಲಿ ಇನ್ನೊಂದು ಪುಟ್ಟ ಎಲೆ ಇಟ್ಟಾಗ ಅದು ಯಾರದ್ದೆಂದು ಹೆಸರು ಹಿಡಿದು ಹೇಳುವವರು ನನ್ನ ಹೊರತು ಭೂಮಿಯ ಮೇಲೆ ಯಾರೂ ಇಲ್ಲ. ಮಾತಾಡಲು ಜನ ಇಲ್ಲವೆಂದಲ್ಲ, ಪದ್ದುವಿನ ಬಗ್ಗೆ ಮಾತಾಡಲು ಇಲ್ಲ. ಅಮ್ಮ ಇಲ್ಲದ ಮೇಲೂ ನಾನು ಎಲ್ಲರಿಗಿಂತ ಮೊದಲು ಒಳಗೆ ಹೋಗಿ ಒಂದನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಯಾರನ್ನು ನಂಬಿಸುವುದಕ್ಕೋ ಗೊತ್ತಿಲ್ಲ. ಬಿಟ್ಟರೆ ಪದ್ದು ಬಂದಿಲ್ಲವೆಂದು ಆಗುತ್ತಿತ್ತಲ್ಲ.

ಈ ವರ್ಷ ಆಟಿ ಹತ್ತಿರ ಬಂದಾಗ ಕೈಯಲ್ಲಿ ಬಿಸ್ಕುಟು ಇರಲಿಲ್ಲ. ಲೈಟ್‌ಹೌಸ್ ಯಾವಾಗಲೋ ಡಬ್ಬಿ ಬಿಟ್ಟು ಪ್ಯಾಕೆಟ್ಟಿಗೆ ಬಂದಿತ್ತು, ಕೊನೆಯ ಪ್ಯಾಕೆಟ್ ಕಳೆದ ಆಟಿಗೆ ಮುಗಿದಿತ್ತು. ಮನೆ ಹತ್ತಿರದ ಸೂಪರ್‌ಮಾರ್ಕೆಟ್ಟಿನ ಹುಡುಗಿ ಕಂಪ್ಯೂಟರಿನಲ್ಲಿ ಹೆಸರು ಹೊಡೆದು, ಹೀಗೊಂದು ಐಟಮ್ಮೇ ಇಲ್ಲ ಎಂದಳು. ಮೊಮ್ಮಗಳು ಫೋನಿನಲ್ಲಿ ಹುಡುಕಿ ಆರು ಬಗೆಯ ತೆಂಗಿನಕಾಯಿ ಬಿಸ್ಕುಟು ಹತ್ತೇ ನಿಮಿಷದಲ್ಲಿ ಮನೆ ಬಾಗಿಲಿಗೆ ತರಿಸಿದಳು. ನಾನು ಆರನ್ನೂ ತಿರುಗಿಸಿ ನೋಡಿ ಪಕ್ಕಕ್ಕಿಟ್ಟೆ. ಶ್ವೇತಾ ಮೆಲ್ಲಗೆ ಕೇಳಿದಳು.

"ಅತ್ತೆ, ಯಾವುದಾದರೂ ಒಂದು ಆಗುವುದಿಲ್ಲವಾ?"

ಆಗುವುದಿಲ್ಲ ಎಂದೆ. ಯಾಕೆ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೋ ಏನೋ. ಕೊಡೆ ಹಿಡಿದು ಬಸ್ಸು ಹತ್ತಿದೆ.

ನಾನು ಯಾವಾಗಲೂ ಪ್ಯಾಕೆಟ್ ತರುತ್ತಿದ್ದದ್ದು ಬನ್ನಂಜೆಯ ಕಿಣಿಯವರ ಜನರಲ್ ಸ್ಟೋರಿನಿಂದ. ಕಿಣಿಯವರು ಕನ್ನಡಕ ಹಣೆಗೇರಿಸಿ ತಲೆಯಾಡಿಸಿದರು.

"ಅದು ಈಗ ಬರುದಿಲ್ಲ ಅಮ್ಮ. ಲೈನೇ ನಿಂತು ಹೋಗಿದೆ."

ಲೈನ್ ಎಂದರೆ ಎಂತ ಎಂದು ಕೇಳಿದೆ. ಅಂಗಡಿಯಲ್ಲಿ ಬೇರೆ ಗಿರಾಕಿ ಇರಲಿಲ್ಲ, ಅವರು ಪೂರ್ತಿ ಹೇಳಿದರು. ಸೋಮವಾರ ಏಜೆನ್ಸಿಯವನು ಬಂದು ಆರ್ಡರ್ ಬರೆದುಕೊಳ್ಳುತ್ತಾನೆ, ಬುಧವಾರ ವ್ಯಾನು ಬಂದು ಮಾಲು ಇಳಿಸುತ್ತದೆ. ಮೆತ್ತಗಾದದ್ದು, ಪುಡಿಯಾದದ್ದು, ತಾರೀಕು ದಾಟಿದ್ದನ್ನು ಅದೇ ವ್ಯಾನು ಹಿಂದಕ್ಕೆ ಒಯ್ಯಬೇಕು. ದೊಡ್ಡ ಕಂಪೆನಿಯವರು ತಮ್ಮದೇ ಸ್ಟ್ಯಾಂಡು ತಂದು ನಿಲ್ಲಿಸುತ್ತಾರೆ, ಅವರ ಜನವೇ ಬಂದು ಕಣ್ಣಿನ ಮಟ್ಟಕ್ಕೆ ಜೋಡಿಸಿ ಹೋಗುತ್ತಾರೆ. ಲೈಟ್‌ಹೌಸ್ ಮೊದಲು ನಡುವಿನ ಹಲಗೆಯಲ್ಲಿತ್ತು, ಆಮೇಲೆ ಕೆಳಗಿನದಕ್ಕೆ ಇಳಿಯಿತು, ಕೊನೆಗೆ ಸೋಪಿನ ಪುಡಿಯ ಪಕ್ಕ.

"ಬಿಸ್ಕುಟು ವಾಸನೆ ಹಿಡೀತದೆ ಅಮ್ಮ. ಸೋಪಿನ ವಾಸನೆ ಬಂದ ಮೇಲೆ ಯಾರು ತಗೊಳ್ತಾರೆ? ಸಣ್ಣ ಕಂಪೆನಿ, ಹಿಂದೆ ಬಂದ ಮಾಲನ್ನು ಎಷ್ಟು ಅಂತ ತಡಕೊಳ್ಳುದು? ಒಂದು ಸೋಮವಾರ ಅವ ಬರಲಿಲ್ಲ. ಮತ್ತೆ ಬರ್ಲೇ ಇಲ್ಲ."

"ನೀವು ಕೇಳಲಿಲ್ವಾ?"

"ಕೇಳಿದವರು ನೀವೊಬ್ಬರೇ ಅಲ್ವಾ."

ವರ್ಷಕ್ಕೊಂದು ಪ್ಯಾಕೆಟ್ ಒಯ್ಯುವವಳು ನಾನು. ನನ್ನಂಥ ಗಿರಾಕಿಯನ್ನು ನಂಬಿದ ಕಂಪೆನಿ ಮುಳುಗದೆ ಇನ್ನೇನಾಗುತ್ತದೆ? ಕಿಣಿಯವರು ಏಜೆನ್ಸಿಗೆ ಫೋನು ಹಚ್ಚಿ ಕೊಟ್ಟರು. ಕಡಿಯಾಳಿಯ ಗೋದಾಮಿನಿಂದ ಒಬ್ಬರು, ಫ್ಯಾಕ್ಟರಿ ಮುಚ್ಚಿದೆ, ಅಲ್ಲಿ ಓವನ್ ನೋಡಿಕೊಳ್ಳುತ್ತಿದ್ದ ಲಾರೆನ್ಸ್ ಮೇಸ್ತ್ರಿ ಕಾರ್ಕಳದ ಹತ್ತಿರ ಕುಕ್ಕುಂದೂರಿನಲ್ಲಿ ಸ್ವಂತ ಬೇಕರಿ ಇಟ್ಟಿದ್ದಾರೆ, ಕೇಳಿ ನೋಡಿ ಎಂದರು.

ಅಲ್ಲಿಂದಲೇ ಕಾರ್ಕಳದ ಬಸ್ಸು ಹಿಡಿದೆ. ಲಾರೆನ್ಸ್ ಮೇಸ್ತ್ರಿಗೆ ನನಗಿಂತ ನಾಲ್ಕೈದು ವರ್ಷ ಕಡಿಮೆ ಇದ್ದೀತು. ಮೈದಾ ಹಿಡಿದ ಕೈಯಲ್ಲೇ ಸ್ಟೂಲು ಎಳೆದು ಕೊಟ್ಟರು. ಲೈಟ್‌ಹೌಸ್ ಎಂದು ಹೇಳಿದ್ದೇ ತಡ, ಅವರ ಮುಖ ಬೆಳಗಿತು, ತಕ್ಷಣ ಬಾಡಿತು. ಹಿಂದೆ ಖಾಲಿ ಡಬ್ಬಿಗಳು ಅಂಗಡಿಗಳಿಂದ ಫ್ಯಾಕ್ಟರಿಗೆ ವಾಪಸು ಬರುತ್ತಿದ್ದವಂತೆ, ಒರೆಸಿ ಒಣಗಿಸಿ ಮತ್ತೆ ತುಂಬುತ್ತಿದ್ದರಂತೆ. ಜನ ಪ್ಯಾಕೆಟ್ಟೇ ಬೇಕೆಂದ ಮೇಲೆ ಹೆಸರು ಅಚ್ಚಾದ ಹೊದಿಕೆಯ ರೋಲು ಬೇಕಾಯಿತು. ಅದನ್ನು ಅಚ್ಚು ಹಾಕುವವರು ಸ್ವಲ್ಪ ಮಾಡಿಕೊಡುವುದಿಲ್ಲ, ರಾಶಿಗಟ್ಟಲೆ ತೆಗೆದುಕೊಳ್ಳಬೇಕು. ಮಾಲು ಕಡಿಮೆ ಹೋದ ಹಾಗೆ ರೋಲುಗಳು ಗೋದಾಮಿನಲ್ಲೇ ಕೊಳೆತವು. ಮಳೆಗಾಲದಲ್ಲಿ ಬೇರೆ ತೊಂದರೆ. ತೆಂಗಿನಕಾಯಿಯ ಎಣ್ಣೆಯಂಶ ಬೇಗ ಕಮಟಾಗುತ್ತದೆ. ಯಜಮಾನರು ತೀರಿಕೊಂಡರು, ಮಕ್ಕಳಿಗೆ ಮನಸ್ಸಿರಲಿಲ್ಲ.

"ಅಚ್ಚು ಎಲ್ಲಿ ಹೋಯ್ತು? ಆ ಲೈಟ್‌ಹೌಸಿನ ಚಿತ್ರ?"

"ಅದು ಕಂಚಿನ ರೋಲರ್ ಅಕ್ಕ. ಉದ್ದಕ್ಕೂ ಲೈಟ್‌ಹೌಸ್ ಕೊರೆದದ್ದು. ಹಿಟ್ಟು ಆ ಗುಳಿಯೊಳಗೆ ಒತ್ತಿ ಕೂರ್ತದೆ, ಕೆಳಗಿಂದ ಬಟ್ಟೆಯ ಬೆಲ್ಟು ಎಳಕೊಳ್ತದೆ. ಮಿಷನ್ ಬಿಚ್ಚಿದಾಗ ಗುಜರಿಯವ ತೂಕಕ್ಕೆ ತಗೊಂಡು ಹೋದ. ನಾನು ಆ ದಿನ ಕೆಲಸಕ್ಕೇ ಹೋಗ್ಲಿಲ್ಲ."

ಅವರಿಗೆ ಅಳತೆ ಮರೆತಿರಲಿಲ್ಲ. ನಾಳೆ ಬನ್ನಿ ಎನ್ನದೆ ಆಗಲೇ ಕೈ ಹಾಕಿದರು. ವನಸ್ಪತಿ ಮತ್ತು ಸಕ್ಕರೆ ಹುಡಿಯನ್ನು ಬೆಳ್ಳಗಾಗುವ ತನಕ ಕಡೆದು, ತೆಂಗಿನಕಾಯಿ ಹುಡಿ ಬೆರೆಸಿ, ಬಿಸ್ಕುಟು ಉಬ್ಬಲು ಹಾಕುವ ಅಮೋನಿಯಾವನ್ನು ನೀರಿನಲ್ಲಿ ಕದಡಿ ಹಾಕಿದರು. ಮೈದಾ ಕೊನೆಗೆ, ಅದೂ ಬೆರಳ ತುದಿಯಲ್ಲಿ.

"ಚಪಾತಿ ಹಿಟ್ಟಿನ ಹಾಗೆ ನಾದಬಾರದು. ಅಂಟು ಬಂತೋ, ಬಿಸ್ಕುಟು ಗಟ್ಟಿಯಾಗ್ತದೆ, ಚಿತ್ರವೂ ಎಳೆದು ಅಳಿಸಿ ಹೋಗ್ತದೆ."

ಇಲ್ಲದ ಚಿತ್ರಕ್ಕಾಗಿ ಆ ಮನುಷ್ಯ ಅಷ್ಟು ಜಾಗ್ರತೆ ಮಾಡಿದರು. ಚಾಕುವಿನಿಂದ ಚೌಕ ಕತ್ತರಿಸಿ ಒಲೆಗಿಟ್ಟಾಗ ಮೊದಲು ಅಮೋನಿಯಾದ ಘಾಟು ಎದ್ದು ಕಣ್ಣಲ್ಲಿ ನೀರು ಬಂತು, ಅದು ಹೋದ ಮೇಲೆ ಆ ಪರಿಮಳ ಬಂತು. ಬಿಸಿಯಲ್ಲಿ ಮುಚ್ಚಿಟ್ಟರೆ ಬೆವರಿ ಮೆತ್ತಗಾಗುತ್ತದೆಂದು ತಟ್ಟೆಯಲ್ಲಿ ಹರಡಿ ತಣಿಸಿ, ಒಂದನ್ನು ನನ್ನ ಕೈಗಿಟ್ಟರು. ಅದೇ ರುಚಿ. ನಾಲಗೆಯ ಮೇಲೆ ಕರಗುವುದೂ ಹಾಗೆಯೇ. ಆದರೆ ಮೇಲ್ಭಾಗ ಬೋಳು. ನನಗೆ ಮಾತು ತಡೆಯಲಾಗಲಿಲ್ಲ, ಇಷ್ಟು ವರ್ಷ ಮನೆಯವರಿಗೂ ಹೇಳದ್ದು ಅವರೆದುರು ಬಂದುಬಿಟ್ಟಿತು.

"ಸತ್ತ ತಮ್ಮನ ಎಲೆಗೆ ಇಡ್ಲಿಕ್ಕೆ. ಚಿತ್ರ ಇಲ್ಲದಿದ್ರೆ ಅವನಿಗೆ ಹೇಗೆ ಗೊತ್ತಾಗ್ತದೆ?"

ಲಾರೆನ್ಸ್ ನಗಲಿಲ್ಲ. ಬಿಸ್ಕುಟನ್ನು ಪೇಪರಿನಲ್ಲಿ ಕಟ್ಟುತ್ತ ಯೋಚಿಸಿದರು.

"ಹಳೆಯ ಅಂಗಡಿಯಲ್ಲಿ ಡಬ್ಬಿ ಉಳಿದಿರಬಹುದು ಅಕ್ಕ. ವಾಪಸು ಬಾರದ ಡಬ್ಬಿ ಬೇಕಾದಷ್ಟು ಉಂಟು. ಎಲೆಯ ಪಕ್ಕದಲ್ಲಿ ಅದನ್ನಿಡಿ. ನೋಡಿ ಗುರ್ತ ಹಿಡೀತಾನೆ."

ಹಾಗೆ ಮರುದಿನ ನಾನು ಕಾಪು ಪೇಟೆಯಲ್ಲಿ ಇಳಿದೆ. ಪ್ರಭುಗಳ ಅಂಗಡಿ ಅರ್ಧ ಮುಚ್ಚಿತ್ತು. ನಮ್ಮ ಕಾಲದ ಪ್ರಭುಗಳ ಮಗ, ಆಗ ತಮ್ಮ ತಂದೆಯ ಪಕ್ಕ ನಿಂತು ತಕ್ಕಡಿ ಹಿಡಿಯುತ್ತಿದ್ದವರು, ಈಗ ಎಂಬತ್ತರ ಹತ್ತಿರದವರು, ಊದುಬತ್ತಿ ಮತ್ತು ದೀಪದ ಎಣ್ಣೆ ಮಾರುತ್ತ ಕುಳಿತಿದ್ದರು. ಡಬ್ಬಿ ಇತ್ತು. ಅದರಲ್ಲಿ ತುಕ್ಕು ಹಿಡಿದ ಮೊಳೆಗಳನ್ನು ಹಾಕಿಟ್ಟಿದ್ದರು. ಬಣ್ಣ ಹೋಗಿತ್ತು, ಕಂಬ ಮಾತ್ರ ಗುರುತು ಸಿಗುತ್ತಿತ್ತು. ಯಾರ ಮನೆಯವರು ಎಂದು ಕೇಳಿದರು. ಅಪ್ಪನ ಹೆಸರು ಹೇಳಿದೆ, ನೆನಪಾಗಲಿಲ್ಲ. ಆಟಿಯ ಅಗೆಲಿಗೆ ಬಿಸ್ಕುಟು ಒಯ್ಯುತ್ತಿದ್ದವಳ ಮಗಳು ಎಂದೆ. ಮುದುಕರು ಕುರ್ಚಿಯಲ್ಲಿ ನೆಟ್ಟಗಾದರು.

"ಎಣಿಸಿ ಕೊಡು ಹೇಳುತ್ತಿದ್ದವರು! ತೂಕದ ಬಿಸ್ಕುಟನ್ನು ಎಣಿಸಿ ತಗೊಳ್ಳುದು ಅವರೊಬ್ಬರೇ ಮಾರಾಯ್ರೆ. ನಾಲ್ಕು ಇಡೀದು, ಒಂದು ತುಂಡಾದದ್ದು. ನನ್ನ ತಂದೆ ಹೇಳ್ತಿದ್ರು, ತುಂಡಾದದ್ದು ಯಾಕಮ್ಮ, ಐದೂ ಇಡೀದೇ ಕೊಡ್ತೇನೆ ಅಂತ. ಬೇಡವೇ ಬೇಡ ಅವರಿಗೆ."

"ಯಾಕಂತೆ?"

"ನಾಲ್ಕು ಎಲೆಗೆ, ಒಂದು ನನ್ನ ಮಗಳಿಗೆ. ಇಡೀದು ಇಟ್ಟರೆ ಅವಳು ತಿನ್ನಲಿಕ್ಕೆ ಹೆದರ್ತಾಳೆ. ಹಾಗೆ ಹೇಳ್ತಿದ್ರು. ಆ ಮಗಳು ನೀವಾ?"

ನಾನೇ ಎಂದೆ. ಮೊಳೆಗಳನ್ನು ಅವರು ಕಾಗದಕ್ಕೆ ಸುರಿಯುತ್ತಿದ್ದ ಸದ್ದು ಬಹಳ ಹೊತ್ತು ಕೇಳಿತು. ಖಾಲಿ ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ. ಮೊದಲ ವರ್ಷವೇ ಅಮ್ಮನಿಗೆ ಗೊತ್ತಿತ್ತು. ಅಜ್ಜಿಯ ಕಣ್ಣು ನನ್ನ ಮುಖಕ್ಕೆ ಬಂದಾಗ ನಡುವೆ ನಿಂತು ಕೂಗಿದ್ದು ನನ್ನನ್ನು ಉಳಿಸಲು. ಮರುವರ್ಷದಿಂದ ಐದನೆಯದು, ಹಿಂಬಾಗಿಲಿನ ಕಾವಲು, ಅಂಚಿನ ತುಂಡು, ಎಲ್ಲವೂ ನನಗೆ. ಅಜ್ಜಿಯ ಮನೆಯಲ್ಲಿ ಮಗಳ ಕೈಗೆ ಒಂದು ಬಿಸ್ಕುಟು ಕೊಡಲು ಅವಳಿಗೆ ಇದ್ದದ್ದು ಇದೊಂದೇ ದಾರಿ. ಅಜ್ಜಿ ಸತ್ತ ಮೇಲಾದರೂ ಹೇಳಬಹುದಿತ್ತಲ್ಲ ಎಂದು ಅವಳ ಮೇಲೆ ಸಿಟ್ಟು ಬಂತು. ನಾನೂ ಹೇಳಬಹುದಿತ್ತು. ಒಂದೇ ಎಲೆಯ ಆ ಬದಿ ಈ ಬದಿ ಕುಳಿತು ನಾವಿಬ್ಬರೂ ಒಬ್ಬರಿಗಾಗಿ ಒಬ್ಬರು ಬಾಯಿ ಮುಚ್ಚಿಕೊಂಡು ಆಯುಸ್ಸು ಕಳೆದೆವು. ಕಟಪಾಡಿ ದಾಟುವವರೆಗೆ ಬಸ್ಸಿನ ತೆರೆದ ಕಿಟಕಿಯ ಸರಳಿಗೆ ಮುಖ ಒತ್ತಿ ಅತ್ತೆ. ಪಕ್ಕದ ಹುಡುಗಿ ಕಿಟಕಿ ಮುಚ್ಚಲಾ ಎಂದು ಕೇಳಿದಳು, ಮಳೆ ನೀರು ಎಂದುಕೊಂಡಿದ್ದಳು.

ಅಗೆಲಿನ ದಿನ ಮಧ್ಯಾಹ್ನ ಮನೆಯಲ್ಲಿ ನಾನೊಬ್ಬಳೇ. ಎಲ್ಲರಿಗೂ ಕೆಲಸ, ಮೊಮ್ಮಗಳಿಗೆ ಪರೀಕ್ಷೆ. ಎರಡು ಎಲೆ ಹಾಕಿದೆ. ಅಮ್ಮನಿಗೆ ಅನ್ನ, ಬಂಗುಡೆ ಸಾರು, ವೀಳ್ಯ. ಪದ್ದುವಿಗೆ ಮೊಟ್ಟೆ, ಬೆಲ್ಲ, ಕುಕ್ಕುಂದೂರಿನ ಬೋಳು ಬಿಸ್ಕುಟು, ಪಕ್ಕದಲ್ಲಿ ತೊಳೆದ ಡಬ್ಬಿ. ನಾಲ್ಕು ಇಡಿಯಾಗಿ ಇಟ್ಟೆ. ಐದನೆಯದನ್ನು ನಾನೇ ಮುರಿದು ಅಂಚಿನಲ್ಲಿಟ್ಟೆ. ದೀಪ ಹಚ್ಚಿ, ಬಾಗಿಲೆಳೆದುಕೊಂಡು ಲಿಫ್ಟಿನ ಬಳಿ ನಿಂತೆ. ಎದುರು ಮನೆಯಾಕೆ ಚೀಲ ಹಿಡಿದು ಮೇಲೆ ಬಂದರು.

"ಕೀ ಒಳಗೆ ಉಳಿಯಿತಾ ಆಂಟಿ?"

"ಇಲ್ಲ ಮಾರಾಯ್ತಿ, ಒಳಗೆ ಊಟ ಆಗ್ತಾ ಉಂಟು."

ಅವರು ನನ್ನನ್ನೊಮ್ಮೆ ನೋಡಿ ತಮ್ಮ ಮನೆಗೆ ಹೋದರು. ನಾನು ಇನ್ನಷ್ಟು ಹೊತ್ತು ಕಾದು, ಬಾಗಿಲು ತಟ್ಟಿ, ಒಳಗೆ ಹೋದೆ. ಎಲೆಯಲ್ಲಿ ಐದೂ ಹಾಗೆಯೇ ಇದ್ದವು. ಬಾಗಿಲು ತಟ್ಟಿದ ಮೇಲೂ ಐದು ಉಳಿದದ್ದನ್ನು ಇಷ್ಟು ವರ್ಷಗಳಲ್ಲಿ ಮೊದಲ ಸಲ ಕಂಡೆ. ಅಮ್ಮನ ಎಲೆಯ ಎದುರಿಗೆ ಚಕ್ಕಳಮಕ್ಕಳ ಹಾಕಿ ಕುಳಿತು, ಅಂಚಿನ ತುಂಡನ್ನು ತೆಗೆದು, ಸದ್ದಾಗುವಂತೆ ಅಗಿದು ತಿಂದೆ. ಬಾಯಿ ಒರೆಸಿಕೊಳ್ಳಲಿಲ್ಲ.